ಮೂರು ನಿಮಿಷದ ಪ್ರಾಡಕ್ಟ್ ವಿಡಿಯೊ ಸ್ಕ್ರಿಪ್ಟ್: ಡೆಮೊ ಮೊದಲು ಬರೆಯಿರಿ

ಸಾಫ್ಟ್‌ವೇರ್ ಸ್ಟಾರ್ಟಪ್ ಒಂದರ ಪ್ರಾಡಕ್ಟ್ ವಿಡಿಯೊಗೆ ಸ್ಕ್ರಿಪ್ಟ್ ಬರೆಯಲು ಕೂತವರು ಸಾಮಾನ್ಯವಾಗಿ ಮೊದಲ ಸಾಲಿನಿಂದಲೇ ಶುರು ಮಾಡುತ್ತಾರೆ. ವಿಡಿಯೊದಲ್ಲಿ ಸಮಸ್ಯೆ ಮೊದಲು ಬರುತ್ತದೆ, ಹಾಗಾಗಿ ಸಮಸ್ಯೆಯನ್ನೇ ಮೊದಲು ಬರೆಯುತ್ತಾರೆ. ನಾನೂ ಹಾಗೇ ಮಾಡಿದ್ದೆ. ಒಂದು ಸಣ್ಣ ತಂಡಕ್ಕೆ ಬರೆದ ನನ್ನ ಮೊದಲ ಸ್ಕ್ರಿಪ್ಟ್‌ನಲ್ಲಿ ಸಮಸ್ಯೆಯ ಭಾಗವೇ ಒಂದು ಪುಟ ತುಂಬಿತ್ತು. ಗಟ್ಟಿಯಾಗಿ ಓದಿ ನೋಡಿದರೆ ಅದಕ್ಕೇ ಒಂದೂಮುಕ್ಕಾಲು ನಿಮಿಷ ಹಿಡಿಯಿತು, ಡೆಮೊಗೆ ಉಳಿದದ್ದು 50 ಸೆಕೆಂಡು, ಅಷ್ಟರಲ್ಲಿ ಐದು ಫೀಚರ್ ತೋರಿಸಬೇಕಿತ್ತು. ನೋಡಿದವರಿಗೆ ಕಷ್ಟ ಏನು ಅಂತ ಚೆನ್ನಾಗಿ ಗೊತ್ತಾಯಿತು. ಸಾಫ್ಟ್‌ವೇರ್ ಏನು ಮಾಡುತ್ತದೆ ಅಂತ ಮಾತ್ರ ಗೊತ್ತಾಗಲಿಲ್ಲ.

ಆಮೇಲಿಂದ ನಾನು ಬರೆಯುವ ಕ್ರಮವನ್ನೇ ಬದಲಿಸಿದೆ. ಮೊದಲು ಡೆಮೊ, ಆಮೇಲೆ ಸಮಸ್ಯೆ, ಕೊನೆಗೆ ಸಾರಾಂಶ. ಕಾರಣ ಸರಳ. ಸಾಫ್ಟ್‌ವೇರ್ ಈಗ ಹೇಗಿದೆಯೋ ಹಾಗೇ ಇರುತ್ತದೆ, ಅದನ್ನು ಸ್ಕ್ರಿಪ್ಟ್‌ಗೆ ತಕ್ಕಂತೆ ಬದಲಿಸಲು ಆಗುವುದಿಲ್ಲ. ಆದರೆ ಯಾವ ಸಮಸ್ಯೆಯಿಂದ ಶುರು ಮಾಡಬೇಕು ಅನ್ನುವುದು ನಮ್ಮ ಕೈಯಲ್ಲಿದೆ. ಡೆಮೊದಲ್ಲಿ ಕಣ್ಣೆದುರಿಗೇ ಬಗೆಹರಿಯುವ ಸಮಸ್ಯೆ ಯಾವುದೋ ಅದನ್ನು ಮಾತ್ರ ಮೊದಲಲ್ಲಿ ಹೇಳಬೇಕು. ಡೆಮೊ ಬರೆಯುವ ಮುಂಚೆ ಅದು ಯಾವುದು ಅಂತ ನಿಮಗೇ ಗೊತ್ತಿರುವುದಿಲ್ಲ.

ಇಲ್ಲಿ ಒಂದು ಉದಾಹರಣೆ ಇಟ್ಟುಕೊಂಡು ಪೂರ್ತಿ ನಡೆಯೋಣ. ಒಂದು ತಂಡದಲ್ಲಿ ಮೂವರಿದ್ದಾರೆ. ಗ್ರಾಹಕರು ಸಹಾಯ ಕೇಳಿ ಬರೆಯುವ ಮೇಲ್ ಎಲ್ಲ ಒಂದೇ ವಿಳಾಸಕ್ಕೆ ಬರುತ್ತದೆ, ಮೂವರೂ ಅದನ್ನು ನೋಡುತ್ತಾರೆ. ನಮ್ಮ ಸಾಫ್ಟ್‌ವೇರ್ ಆ ಮೇಲ್‌ಗಳನ್ನು ಒಂದು ಕಡೆ ತಂದು, ಒಂದೊಂದನ್ನೂ ಒಬ್ಬೊಬ್ಬರ ಹೆಸರಿಗೆ ಹಚ್ಚಿ, ಉತ್ತರ ಹೋಯಿತಾ ಇಲ್ಲವಾ ಅಂತ ತೋರಿಸುತ್ತದೆ. ಇದು ಉದಾಹರಣೆಗೆ ಕಟ್ಟಿಕೊಂಡ ಸಾಫ್ಟ್‌ವೇರ್. ಆದರೆ ಇಂಥವಕ್ಕೆ ಸ್ಕ್ರಿಪ್ಟ್ ಬರೆಯುವಾಗ ಬರುವ ತೊಡಕುಗಳೆಲ್ಲ ಇದರಲ್ಲೂ ಬರುತ್ತವೆ.

ಮೊದಲು ಲೆಕ್ಕ

ಮೂರು ನಿಮಿಷ ಅಂದರೆ 180 ಸೆಕೆಂಡು. ಇದನ್ನು ನಾನು ಹೀಗೆ ಹಂಚುತ್ತೇನೆ: ಸಮಸ್ಯೆಗೆ 40, ಡೆಮೊಗೆ 105, ಸಾರಾಂಶಕ್ಕೆ 35. ಐದು ಸೆಕೆಂಡು ಆಚೀಚೆ ಆದರೆ ತೊಂದರೆ ಇಲ್ಲ, ಆದರೆ ಡೆಮೊ ಅರ್ಧಕ್ಕಿಂತ ಕಡಿಮೆ ಆಗಬಾರದು.

ಎಷ್ಟು ಪದ ಹಿಡಿಯುತ್ತದೆ ಅನ್ನುವುದರಲ್ಲಿ ಬಹಳ ಜನ ಎಡವುತ್ತಾರೆ. ನಿಮಿಷಕ್ಕೆ 130ರಿಂದ 150 ಪದ ಅಂತ ಎಲ್ಲ ಕಡೆ ಬರೆದಿರುತ್ತದೆ, ಆದರೆ ಅದು ಇಂಗ್ಲಿಷ್ ಲೆಕ್ಕ. ಕನ್ನಡದಲ್ಲಿ ಪದಕ್ಕೆ ಪ್ರತ್ಯಯಗಳು ಅಂಟಿಕೊಂಡು ಉದ್ದ ಆಗುತ್ತವೆ. ‘ಬದಲಿಸಬೇಕಾಗಿಲ್ಲ’ ಅನ್ನುವ ಒಂದು ಪದವನ್ನು ಇಂಗ್ಲಿಷ್‌ನಲ್ಲಿ ಹೇಳಲು ನಾಲ್ಕೈದು ಪದ ಬೇಕು. ಹಾಗಾಗಿ ಕನ್ನಡ ಸ್ಕ್ರಿಪ್ಟ್‌ಗೆ ನಿಮಿಷಕ್ಕೆ 90 ಪದ ಅಂತ ಇಟ್ಟುಕೊಂಡರೆ ನನ್ನ ಓದಿಗೆ ಸರಿ ಹೋಗುತ್ತದೆ. ನಿಮ್ಮ ಓದು ಬೇರೆ ಇರಬಹುದು. ಫೋನ್‌ನಲ್ಲಿ ಟೈಮರ್ ಇಟ್ಟು, ನೀವೇ ಬರೆದ ಯಾವುದಾದರೂ ಬರಹವನ್ನು ಒಂದು ನಿಮಿಷ ಗಟ್ಟಿಯಾಗಿ ಓದಿ, ಎಷ್ಟು ಪದ ಆಯಿತು ಅಂತ ಎಣಿಸಿಕೊಳ್ಳಿ.

90ರ ಲೆಕ್ಕದಲ್ಲಿ ಮೂರು ನಿಮಿಷಕ್ಕೆ 270 ಪದ. ಆದರೆ ಇದು ಉಸಿರು ಬಿಡದೆ ಮಾತಾಡಿದರೆ ಮಾತ್ರ. ಡೆಮೊದಲ್ಲಿ ತೆರೆಯ ಮೇಲೆ ಏನಾದರೂ ಆಗುವಾಗ ನೀವು ಸುಮ್ಮನಿರಬೇಕು. ಆ ಮೌನಕ್ಕೆ 40 ಸೆಕೆಂಡು ತೆಗೆದಿಟ್ಟರೆ ಉಳಿಯುವುದು ಸುಮಾರು 210 ಪದ. ಅಷ್ಟೇ ನಿಮ್ಮ ಬಂಡವಾಳ. ಈ ಸಂಖ್ಯೆಯನ್ನು ಪುಟದ ಮೇಲ್ಗಡೆ ದೊಡ್ಡದಾಗಿ ಬರೆದಿಟ್ಟುಕೊಂಡು ಮುಂದಕ್ಕೆ ಹೋಗಿ.

ಡೆಮೊ: ಒಂದು ಕೆಲಸ, ಪೂರ್ತಿಯಾಗಿ

105 ಸೆಕೆಂಡಿನಲ್ಲಿ ಒಂದು ಕೆಲಸವನ್ನು ಮೊದಲಿಂದ ಕೊನೆವರೆಗೆ ತೋರಿಸಬಹುದು. ಎರಡು ಕೆಲಸ ತೋರಿಸಲು ಹೋದರೆ ಎರಡೂ ಅರ್ಧಂಬರ್ಧ ಆಗುತ್ತವೆ. ತಂಡದಲ್ಲಿ ಇದಕ್ಕೆ ಖಂಡಿತ ಜಗಳ ಆಗುತ್ತದೆ. ಆರು ತಿಂಗಳು ಕೂತು ರಿಪೋರ್ಟ್ ಪುಟ ಕಟ್ಟಿದವರಿಗೆ ಅದು ವಿಡಿಯೊದಲ್ಲಿ ಇಲ್ಲ ಅಂದರೆ ಬೇಜಾರಾಗುತ್ತದೆ, ಅಲ್ವಾ? ಆದರೂ ಗಟ್ಟಿ ಮನಸ್ಸು ಮಾಡಿ ಬಿಡಿ. ಅದಕ್ಕೆ ಬೇರೆ ವಿಡಿಯೊ ಮಾಡಬಹುದು.

ಡ್ರಾಪ್‌ಬಾಕ್ಸ್ ಶುರುವಾದ ಕಾಲದಲ್ಲಿ ಅದರ ಸ್ಥಾಪಕರಲ್ಲಿ ಒಬ್ಬರಾದ ಡ್ರೂ ಹ್ಯೂಸ್ಟನ್ ಸುಮಾರು ಮೂರು ನಿಮಿಷದ ಒಂದು ವಿಡಿಯೊ ಮಾಡಿದ್ದರು. ಅದರಲ್ಲಿ ಇದ್ದದ್ದು ಅವರ ಕಂಪ್ಯೂಟರ್ ತೆರೆ ಮತ್ತು ಅವರದೇ ಧ್ವನಿ, ಅಷ್ಟೇ. ಒಂದು ಫೋಲ್ಡರ್‌ಗೆ ಹಾಕಿದ ಫೈಲು ಬೇರೆ ಕಡೆಯೂ ಕಾಣಿಸಿಕೊಳ್ಳುತ್ತದೆ ಅನ್ನುವುದನ್ನು ಕಣ್ಣಿಗೆ ಕಾಣುವಂತೆ ಮಾಡಿ ತೋರಿಸಿದರು. ಬೀಟಾಗೆ ಕಾಯುವವರ ಪಟ್ಟಿ ಒಂದೇ ರಾತ್ರಿಯಲ್ಲಿ 5,000ದಿಂದ 75,000ಕ್ಕೆ ಏರಿತು ಅಂತ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಆ ವಿಡಿಯೊದಲ್ಲಿ ಗಮನಿಸಬೇಕಾದದ್ದು, ನೋಡುವವರು ನಂಬದೇ ಇರಬಹುದಾದ ಒಂದು ಸಂಗತಿಯನ್ನು ಅವರು ಬಾಯಲ್ಲಿ ಹೇಳಿ ಬಿಡಲಿಲ್ಲ, ಆಗುವುದನ್ನು ತೋರಿಸಿದರು.

ಹಾಗಾದರೆ ನಮ್ಮ ಉದಾಹರಣೆಯಲ್ಲಿ ಏನು ತೋರಿಸಬೇಕು? ಒಂದು ಮೇಲ್ ಬರುತ್ತದೆ. ಅದು ಒಬ್ಬರ ಹೆಸರಿಗೆ ಹೋಗುತ್ತದೆ. ಅವರು ಸಹೋದ್ಯೋಗಿಯನ್ನು ಒಂದು ಮಾತು ಕೇಳುತ್ತಾರೆ. ಉತ್ತರ ಹೋಗುತ್ತದೆ, ‘ಉತ್ತರ ಬಾಕಿ’ ಅನ್ನುವ ಸಂಖ್ಯೆ 1ರಿಂದ 0 ಆಗುತ್ತದೆ. ಇಷ್ಟೇ. ಲಾಗಿನ್ ಪುಟ ಬೇಡ, ಖಾತೆ ತೆರೆಯುವುದು ಬೇಡ, ಸೆಟ್ಟಿಂಗ್ಸ್ ಬೇಡ. ಡೆಮೊ ಶುರುವಾಗುವ ಹೊತ್ತಿಗೆ ಸಾಫ್ಟ್‌ವೇರ್ ತೆರೆದೇ ಇರಬೇಕು.

ಒಂದು ಪದ ಬರೆಯುವ ಮುಂಚೆ ಈ ಕೆಲಸವನ್ನು ನಿಜವಾಗಿ ಮಾಡಿ, ತೆರೆಯನ್ನು ರೆಕಾರ್ಡ್ ಮಾಡಿ. ಮಾತು ಬೇಡ, ಬರೀ ಚಿತ್ರ. ಆಮೇಲೆ ಅದನ್ನು ಓಡಿಸಿ, ಯಾವ ಸೆಕೆಂಡಿಗೆ ಏನಾಗುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಎಡಗಡೆ ತೆರೆಯಲ್ಲಿ ಕಾಣುವುದು, ಬಲಗಡೆ ಧ್ವನಿ. ಎಡಗಡೆ ಪೂರ್ತಿ ತುಂಬಿದ ಮೇಲೇ ಬಲಗಡೆಗೆ ಕೈ ಹಾಕಿ. ನಮ್ಮ ಡೆಮೊದ ಮೊದಲ ಭಾಗ ಹೀಗೆ ಬರುತ್ತದೆ:

0:40 ತೆರೆ: ಪಟ್ಟಿಯಲ್ಲಿ ಆರು ಮೇಲ್. ಮೇಲಿನದ್ದು ಈಗಷ್ಟೇ ಬಂದದ್ದು. ‘ಉತ್ತರ ಬಾಕಿ: 1’.
ಧ್ವನಿ: “ಅದೇ ಮೇಲ್ ಈಗ ಇಲ್ಲಿಗೆ ಬಂದಿದೆ. ಮೊದಲು ಅದನ್ನು ಒಬ್ಬರಿಗೆ ವಹಿಸೋಣ.”

0:48 ತೆರೆ: `Assign` ಒತ್ತುವುದು, ಒಂದು ಹೆಸರು ಆರಿಸುವುದು.
ಧ್ವನಿ: (ಮೌನ, 4 ಸೆಕೆಂಡು)

0:54 ತೆರೆ: ಮೇಲ್ ಪಕ್ಕದಲ್ಲಿ ಹೆಸರು ಮೂಡುತ್ತದೆ. ಇನ್ನೊಬ್ಬರ ತೆರೆಯನ್ನೂ ಪಕ್ಕದಲ್ಲೇ ತೋರಿಸುವುದು, ಅಲ್ಲೂ ಅದೇ ಹೆಸರು.
ಧ್ವನಿ: “ಈಗ ಮೂವರ ತೆರೆಯಲ್ಲೂ ಈ ಮೇಲ್ ಪಕ್ಕ ಒಂದೇ ಹೆಸರು ಇದೆ. ಇದು ಯಾರ ಕೆಲಸ ಅಂತ ಯಾರೂ ಯಾರನ್ನೂ ಕೇಳಬೇಕಾಗಿಲ್ಲ.”

ಇಲ್ಲಿ ಎರಡು ವಿಷಯ ನೋಡಿ. “ಈಗ ನಾನು ಬಲಗಡೆ ಮೇಲಿರುವ ನೀಲಿ ಬಟನ್ ಒತ್ತುತ್ತೇನೆ” ಅಂತ ಧ್ವನಿ ಹೇಳುವುದಿಲ್ಲ. ಒತ್ತುವುದು ಕಾಣುತ್ತಲ್ಲ, ಅದನ್ನು ಹೇಳಿದರೆ ಪದ ದಂಡ. ಧ್ವನಿಯ ಕೆಲಸ ಕಾಣದೇ ಇರುವುದನ್ನು ಹೇಳುವುದು: ಇದನ್ನು ಯಾಕೆ ಮಾಡುತ್ತಿದ್ದೇವೆ, ಇದರಿಂದ ಏನು ಬದಲಾಯಿತು. ಎರಡನೆಯದು ಕ್ರಮ. ಯಾಕೆ ಅನ್ನುವ ಮಾತು ಕ್ಲಿಕ್‌ಗಿಂತ ಮುಂಚೆ ಬರಬೇಕು, ಆಮೇಲೆ ಕ್ಲಿಕ್, ಆಮೇಲೆ ಮೌನ, ಆಮೇಲೆ ಏನಾಯಿತು ಅನ್ನುವ ಮಾತು. ಮಾತು ಮತ್ತು ಕ್ಲಿಕ್ ಒಟ್ಟಿಗೇ ಬಂದರೆ ನೋಡುವವರು ಕೇಳುತ್ತಾರೆ, ಆದರೆ ನೋಡುವುದಿಲ್ಲ. ನೀವು ದಿನಾ ನೋಡುವ ತೆರೆ ನಿಮಗೆ ಪಾಠ ಆಗಿರುತ್ತದೆ. ಅವರಿಗೆ ಅದು ಹೊಸದು, ಕಣ್ಣು ಎಲ್ಲಿಗೆ ಹೋಗಬೇಕು ಅಂತ ಹುಡುಕಲೇ ಒಂದೆರಡು ಸೆಕೆಂಡು ಬೇಕು.

ಮುಂದಿನ ಭಾಗವೂ ಇದೇ ಅಚ್ಚಿನಲ್ಲಿ:

1:15 ತೆರೆ: ಮೇಲ್ ಕೆಳಗೆ ಹಳದಿ ಬಣ್ಣದ ಟಿಪ್ಪಣಿ ಬರೆಯುವುದು. ಸಹೋದ್ಯೋಗಿಯ ಉತ್ತರ ಕೆಳಗೇ ಬರುವುದು.
ಧ್ವನಿ: “ಉತ್ತರ ಗೊತ್ತಿಲ್ಲದಿದ್ದರೆ ಇಲ್ಲೇ ಸಹೋದ್ಯೋಗಿಯನ್ನು ಕೇಳಬಹುದು. ಹಳದಿ ಬಣ್ಣದ ಮಾತು ತಂಡಕ್ಕೆ ಮಾತ್ರ. ಗ್ರಾಹಕರಿಗೆ ಅದು ಕಾಣುವುದಿಲ್ಲ.”

1:55 ತೆರೆ: ಉತ್ತರ ಕಳಿಸುವುದು. ‘ಉತ್ತರ ಬಾಕಿ’ 1 ಇದ್ದದ್ದು 0 ಆಗುವುದು. ಆ ಮೂಲೆಯನ್ನು ಹತ್ತಿರಕ್ಕೆ ತರುವುದು.
ಧ್ವನಿ: “ಉತ್ತರ ಹೋಯಿತು.” (ಮೌನ, 5 ಸೆಕೆಂಡು) “ಬಾಕಿ ಇರುವುದು ಸೊನ್ನೆ.”

ಈ 5 ಸೆಕೆಂಡಿನ ಮೌನವನ್ನು ಕಾಪಾಡಿಕೊಳ್ಳುವುದು ಕಷ್ಟ. ಎಡಿಟ್ ಮಾಡುವವರಿಗೆ ಅದು ಖಾಲಿ ಜಾಗ ಅನ್ನಿಸುತ್ತದೆ, ಏನಾದರೂ ತುಂಬೋಣ ಅನ್ನುತ್ತಾರೆ. ಬಿಡಬೇಡಿ. ಇಡೀ ವಿಡಿಯೊ ನಡೆದು ಬಂದದ್ದೇ ಆ ಸಂಖ್ಯೆ ಬದಲಾಗುವುದನ್ನು ತೋರಿಸಲು.

ಡೆಮೊಗೆ ಹಾಕುವ ಮಾಹಿತಿಯ ಬಗ್ಗೆಯೂ ಎರಡು ಮಾತು ಹೇಳಬೇಕು. ‘ಟೆಸ್ಟ್ 1’, ‘ಟೆಸ್ಟ್ 2’ ಅಂತ ತುಂಬಿದ ಪಟ್ಟಿ ನೋಡಿದರೆ ಯಾರಿಗೂ ತಮ್ಮ ಕೆಲಸ ಅನ್ನಿಸುವುದಿಲ್ಲ. ಹಾಗಂತ ನಿಜವಾದ ಗ್ರಾಹಕರ ಮೇಲ್ ತೋರಿಸುವುದು ತಪ್ಪು. ಹೆಸರನ್ನು ಮಸುಕು ಮಾಡಿದರೂ ಒಂದಲ್ಲ ಒಂದು ಕಡೆ ಅದು ಇಣುಕುತ್ತದೆ. ಆರು ಮೇಲ್‌ಗಳನ್ನು ನೀವೇ ಕೂತು ಬರೆಯಿರಿ, ಒಂದೊಂದೂ ನಿಜವಾದ ಜನ ಬರೆಯುವ ಹಾಗೆ. ಮೇಲ್ ವಿಳಾಸಕ್ಕೆ `example.com` ಬಳಸಿ. ಇಂಥ ಉದಾಹರಣೆಗಳಿಗೆ ಅಂತಲೇ ಆ ಹೆಸರನ್ನು ಕಾದಿರಿಸಿದ್ದಾರೆ, ಹಾಗಾಗಿ ಅದು ಯಾರದ್ದೋ ನಿಜವಾದ ವಿಳಾಸ ಆಗುವ ಭಯ ಇಲ್ಲ.

ಸಾಫ್ಟ್‌ವೇರ್ ನಿಧಾನವಾಗಿದ್ದರೆ ಏನು ಮಾಡುವುದು? ಪುಟ ತೆರೆಯಲು ಮೂರು ಸೆಕೆಂಡು ಹಿಡಿದರೆ ಆ ಮೂರು ಸೆಕೆಂಡು ಕತ್ತರಿಸಬಹುದು, ಅದರಿಂದ ಯಾರಿಗೂ ಮೋಸ ಆಗುವುದಿಲ್ಲ. ಆದರೆ ಒಂದು ಕೆಲಸಕ್ಕೆ ನಿಜವಾಗಿ ಎರಡು ನಿಮಿಷ ಬೇಕಿದ್ದರೆ ಅದನ್ನು ಕ್ಷಣದಲ್ಲಿ ಆದ ಹಾಗೆ ತೋರಿಸಬೇಡಿ. ತೆರೆಯ ಮೇಲೆ ‘2 ನಿಮಿಷದ ನಂತರ’ ಅಂತ ಹಾಕಿ. ಮುಚ್ಚಿಟ್ಟರೆ ಕೊಂಡವರು ಮೊದಲ ದಿನವೇ ಅದನ್ನು ಕಂಡುಕೊಳ್ಳುತ್ತಾರೆ.

ಈಗ ಸಮಸ್ಯೆ

ಡೆಮೊ ಕೈಯಲ್ಲಿದೆ, ಈಗ ಹಿಂದಕ್ಕೆ ನಡೆಯಿರಿ. ಹಂಚಿಕೊಂಡ ಮೇಲ್ ವಿಳಾಸದಲ್ಲಿ ತೊಂದರೆ ಒಂದೆರಡಲ್ಲ. ಒಂದೇ ಮೇಲ್‌ಗೆ ಇಬ್ಬರು ಬೇರೆ ಬೇರೆ ಉತ್ತರ ಕೊಡುತ್ತಾರೆ. ಹಳೆಯ ಮೇಲ್ ಹುಡುಕಲು ಆಗುವುದಿಲ್ಲ. ಯಾರು ಎಷ್ಟು ಕೆಲಸ ಮಾಡಿದರು ಅಂತ ಗೊತ್ತಾಗುವುದಿಲ್ಲ. ಇವೆಲ್ಲ ನಿಜ, ಆದರೆ ನಮ್ಮ ಡೆಮೊ ತೋರಿಸಿದ್ದು ಒಂದನ್ನೇ: ಉತ್ತರ ಹೋಗದೆ ಉಳಿಯುವ ಮೇಲ್. ಹಾಗಾಗಿ ಸಮಸ್ಯೆಯೂ ಅದೊಂದೇ.

‘ಇಂದಿನ ಡಿಜಿಟಲ್ ಯುಗದಲ್ಲಿ’ ಅಂತ ಶುರು ಮಾಡಬೇಡಿ. ಕಂಪನಿ ಹೆಸರು, ಲೋಗೊ, ಸ್ಥಾಪಕರ ಪರಿಚಯ ಇವು ಯಾವುವೂ ಮೊದಲ 10 ಸೆಕೆಂಡಿನಲ್ಲಿ ಬೇಡ. ಒಂದು ದಿನ, ಒಂದು ಮೇಲ್, ಅದರಿಂದ ಆದ ನಷ್ಟ, ಇಷ್ಟು ಸಾಕು:

0:00 ತೆರೆ: ಒಂದೇ ಮೇಲ್ ಮೂರು ಜನರ ತೆರೆಯಲ್ಲಿ.
ಧ್ವನಿ: “ಸೋಮವಾರ ಬೆಳಿಗ್ಗೆ ಒಬ್ಬ ಗ್ರಾಹಕರಿಂದ ಮೇಲ್ ಬರುತ್ತದೆ. ‘ಲಾಗಿನ್ ಆಗುತ್ತಿಲ್ಲ, ಸ್ವಲ್ಪ ನೋಡ್ತೀರಾ?’ ತಂಡದ ಮೂವರೂ ಓದುತ್ತಾರೆ. ಇನ್ನೊಬ್ಬರು ಉತ್ತರ ಕೊಡುತ್ತಾರೆ ಅಂತ ಮೂವರೂ ಅಂದುಕೊಳ್ಳುತ್ತಾರೆ.”

0:22 ತೆರೆ: ಅದೇ ಗ್ರಾಹಕರ ಇನ್ನೊಂದು ಮೇಲ್, ಗುರುವಾರದ್ದು.
ಧ್ವನಿ: “ಗುರುವಾರ ಅವರೇ ಮತ್ತೆ ಬರೆಯುತ್ತಾರೆ. ‘ಬೇರೆ ಸಾಫ್ಟ್‌ವೇರ್ ತೆಗೆದುಕೊಂಡೆವು, ನಮ್ಮ ಖಾತೆ ಮುಚ್ಚಿಬಿಡಿ.’ ಮೂವರಲ್ಲಿ ಯಾರೂ ಕೆಲಸಗಳ್ಳರಲ್ಲ. ಈ ಮೇಲ್ ಯಾರದ್ದು ಅಂತ ಬರೆದಿಡಲು ಅಲ್ಲಿ ಜಾಗವೇ ಇರಲಿಲ್ಲ.”

ಕೊನೆಯ ಎರಡು ವಾಕ್ಯಗಳ ಮೇಲೆ ನಾನು ಜಾಸ್ತಿ ಹೊತ್ತು ಕೂರುತ್ತೇನೆ. ನೋಡುತ್ತಿರುವವರು ಅದೇ ತಪ್ಪು ಮಾಡಿದವರು, ಅವರನ್ನು ಬೈದರೆ ಅವರು ವಿಡಿಯೊ ಮುಚ್ಚುತ್ತಾರೆ. ತಪ್ಪು ಜನರದ್ದಲ್ಲ, ಅವರ ಕೈಗೆ ಸಿಕ್ಕ ಸಲಕರಣೆಯದ್ದು ಅಂತ ಹೇಳಿದಾಗ ಡೆಮೊಗೆ ಬಾಗಿಲು ತಾನಾಗಿಯೇ ತೆರೆಯುತ್ತದೆ. ‘ಜಾಗವೇ ಇರಲಿಲ್ಲ’ ಅಂದ ಕೂಡಲೇ ಡೆಮೊ ಆ ಜಾಗವನ್ನು ತೋರಿಸುತ್ತದೆ. ನಡುವೆ ‘ಹಾಗಾದರೆ ಇದಕ್ಕೆ ಪರಿಹಾರ ಏನು?’ ಅಂತ ಕೇಳುವ ಸಾಲು ಬೇಕೇ ಆಗಲಿಲ್ಲ ನೋಡಿ.

ಸಾರಾಂಶ

ಇದನ್ನು ಫೀಚರ್ ಪಟ್ಟಿ ಮಾಡಿಬಿಡುವುದು ಸುಲಭ. ಡೆಮೊದಲ್ಲಿ ಬಿಟ್ಟದ್ದನ್ನೆಲ್ಲ ಇಲ್ಲಿ ತುರುಕೋಣ ಅನ್ನುವ ಆಸೆ ಬರುತ್ತದೆ. ಆದರೆ 35 ಸೆಕೆಂಡಿನಲ್ಲಿ ಹೇಳಬೇಕಾದದ್ದು ಮೂರೇ: ಮೊದಲ ದೃಶ್ಯದಲ್ಲಿ ಕೆಟ್ಟದ್ದು ಈಗ ಹೇಗಾಯಿತು, ಇದು ಯಾರಿಗೆ, ಮುಂದೆ ಏನು ಮಾಡಬೇಕು.

2:25 ತೆರೆ: ಸೋಮವಾರದ ಮೇಲ್, ಪಕ್ಕದಲ್ಲಿ ಸೋಮವಾರವೇ ಹೋದ ಉತ್ತರ. ಆಮೇಲೆ ಲಿಂಕ್.
ಧ್ವನಿ: “ಸೋಮವಾರದ ಮೇಲ್‌ಗೆ ಸೋಮವಾರವೇ ಉತ್ತರ ಹೋಯಿತು. ಒಂದೇ ವಿಳಾಸವನ್ನು ಹತ್ತು ಜನದವರೆಗೆ ಹಂಚಿಕೊಂಡು ನೋಡುವ ತಂಡಗಳಿಗೆ ಇದನ್ನು ಕಟ್ಟಿದ್ದೇವೆ. ನಿಮ್ಮ ಈಗಿನ ಮೇಲ್ ವಿಳಾಸ ಬದಲಿಸಬೇಕಾಗಿಲ್ಲ. ಈ ಲಿಂಕ್ ತೆರೆದು, ನಿಮ್ಮದೇ ಒಂದು ಮೇಲ್ ಫಾರ್ವರ್ಡ್ ಮಾಡಿ ನೋಡಿ.”

‘ಹತ್ತು ಜನದವರೆಗೆ’ ಅಂದರೆ ದೊಡ್ಡ ತಂಡದವರು ದೂರ ಹೋಗುವುದಿಲ್ಲವೇ ಅಂತ ತಂಡದಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ಹೋಗುತ್ತಾರೆ, ಹೋಗಲಿ. ಸಾಫ್ಟ್‌ವೇರ್ ಇನ್ನೂ ಅವರಿಗೆ ಸಿದ್ಧವಿಲ್ಲದಿದ್ದರೆ ಅವರನ್ನು ಕರೆದು ನಿರಾಸೆ ಮಾಡುವುದಕ್ಕಿಂತ ಇದೇ ಒಳ್ಳೆಯದು. ಮುಂದಿನ ಹೆಜ್ಜೆ ಒಂದೇ ಇರಲಿ. ‘ಸೈನ್ ಅಪ್ ಮಾಡಿ, ನಮ್ಮನ್ನು ಫಾಲೋ ಮಾಡಿ, ಕರೆ ಮಾಡಿ’ ಅಂತ ಮೂರು ಹೇಳಿದರೆ ಯಾವುದನ್ನು ಮಾಡಬೇಕು ಅಂತ ನೋಡುವವರೇ ಯೋಚಿಸಬೇಕಾಗುತ್ತದೆ. ಲಿಂಕ್ ತೆರೆಯ ಮೇಲೆ ಕಡೇ ಪಕ್ಷ 5 ಸೆಕೆಂಡು ನಿಲ್ಲಲಿ.

ಬೇರೆಯವರಿಗೆ ತೋರಿಸಿ, ಕತ್ತರಿಸಿ

ಮಾತು ರೆಕಾರ್ಡ್ ಮಾಡುವ ಮುಂಚೆ ಮೂಕ ವಿಡಿಯೊ ಓಡಿಸಿಕೊಂಡು, ಪಕ್ಕದಲ್ಲಿ ಕೂತು ಸ್ಕ್ರಿಪ್ಟ್ ಗಟ್ಟಿಯಾಗಿ ಓದಿ. ಈ ಸಾಫ್ಟ್‌ವೇರ್ ನೋಡಿಯೇ ಇಲ್ಲದ ಒಬ್ಬರು ಎದುರಿಗಿರಲಿ. ಮುಗಿದ ಮೇಲೆ ‘ಹೇಗಿದೆ?’ ಅಂತ ಕೇಳಬೇಡಿ, ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ‘ಇದು ಏನು ಮಾಡುತ್ತದೆ ಅಂತ ನಿಮ್ಮ ಮಾತಲ್ಲಿ ಹೇಳಿ’ ಅಂತ ಕೇಳಿ. ‘ಮೇಲ್ ಆಪ್ ಇರಬೇಕು’ ಅಂದರೆ ಡೆಮೊ ಸೋತಿದೆ, ಯಾರ ಹೆಸರಿಗೆ ಹೋಯಿತು ಅನ್ನುವುದು ಅವರ ಕಣ್ಣಿಗೆ ಬಿದ್ದಿಲ್ಲ. ‘ಯಾರ ಮೇಲ್ ಯಾರು ನೋಡ್ತಾರೆ ಅಂತ ಗೊತ್ತಾಗುತ್ತೆ’ ಅಂದರೆ ಗೆದ್ದಿರಿ. ಅವರೇ ತಿರುಗಿ ಕೇಳುವ ಮೊದಲ ಪ್ರಶ್ನೆಯನ್ನೂ ಬರೆದುಕೊಳ್ಳಿ. ಇಂಥ ಸಾಫ್ಟ್‌ವೇರ್ ನೋಡಿದವರು ಬಹುಪಾಲು ‘ಹಾಗಾದರೆ ನಮ್ಮ ಮೇಲ್ ವಿಳಾಸ ಬದಲಿಸಬೇಕಾ?’ ಅಂತಲೇ ಕೇಳುತ್ತಾರೆ. ಸಾರಾಂಶದಲ್ಲಿ ಆ ಸಾಲು ಇರುವುದು ಅದಕ್ಕೇ.

ಸಮಯ ಮೀರಿದರೆ ವೇಗವಾಗಿ ಓದಬೇಡಿ. ಮೊದಲು ‘ಅತ್ಯಂತ’, ‘ಸುಲಭವಾಗಿ’, ‘ಸಂಪೂರ್ಣ’ ಇಂಥ ಪದ ತೆಗೆಯಿರಿ. ಸಾಲದಿದ್ದರೆ ಸಮಸ್ಯೆಯಿಂದ ಒಂದು ವಾಕ್ಯ ತೆಗೆಯಿರಿ. ಇನ್ನೂ ಸಾಲದಿದ್ದರೆ ಡೆಮೊದ ನಡುವಿನ ಹೆಜ್ಜೆಯನ್ನೇ ತೆಗೆದುಹಾಕಿ. ನಮ್ಮಲ್ಲಿ ಹಳದಿ ಟಿಪ್ಪಣಿ ಹೋದರೂ ಕತೆ ನಿಲ್ಲುತ್ತದೆ. ಮೌನಕ್ಕೆ ಮಾತ್ರ ಕತ್ತರಿ ಹಾಕಬೇಡಿ.

ರೆಕಾರ್ಡ್ ಮಾಡುವಾಗ

ತೆರೆಯನ್ನು 1920×1080 ಅಳತೆಯಲ್ಲಿ ರೆಕಾರ್ಡ್ ಮಾಡಿ, ಬ್ರೌಸರ್ ಜೂಮ್ 125ರಿಂದ 150 ಪರ್ಸೆಂಟ್ ಇಡಿ. ಆ ರೆಕಾರ್ಡಿಂಗ್‌ನ 10 ಸೆಕೆಂಡನ್ನು ಫೋನಿಗೆ ಕಳಿಸಿ, ಕೈ ಚಾಚಿ ಹಿಡಿದು ನೋಡಿ. ‘ಉತ್ತರ ಬಾಕಿ: 0’ ಓದಲು ಆಗದಿದ್ದರೆ ಜೂಮ್ ಇನ್ನೂ ಜಾಸ್ತಿ ಬೇಕು. ನೋಟಿಫಿಕೇಶನ್ ಆಫ್ ಮಾಡಿ, ಬುಕ್‌ಮಾರ್ಕ್ ಪಟ್ಟಿ ಮುಚ್ಚಿ.

ಧ್ವನಿ ಹಾಕದೆ ನೋಡುವವರಿಗೆ ಸಬ್‌ಟೈಟಲ್ ಬೇಕು. ಸ್ಕ್ರಿಪ್ಟ್‌ನಲ್ಲಿ ಸಮಯ ಬರೆದಿರುವುದರಿಂದ ಇದು ಅರ್ಧ ಗಂಟೆಯ ಕೆಲಸ. ಎಸ್‌ಆರ್‌ಟಿ ಫೈಲು ಹೀಗಿರುತ್ತದೆ:

```
1
00:00:00,000 --> 00:00:04,500
ಸೋಮವಾರ ಬೆಳಿಗ್ಗೆ ಒಬ್ಬ ಗ್ರಾಹಕರಿಂದ
ಮೇಲ್ ಬರುತ್ತದೆ.

2
00:00:04,500 --> 00:00:08,000
‘ಲಾಗಿನ್ ಆಗುತ್ತಿಲ್ಲ, ಸ್ವಲ್ಪ ನೋಡ್ತೀರಾ?’
```

ಸೆಕೆಂಡಿನ ಮುಂದೆ ಇರುವುದು ಅಲ್ಪವಿರಾಮ, ಚುಕ್ಕಿ ಅಲ್ಲ. ಫೈಲನ್ನು ಯುಟಿಎಫ್-8ರಲ್ಲಿ ಉಳಿಸಿ, ಇಲ್ಲದಿದ್ದರೆ ಕನ್ನಡ ಅಕ್ಷರದ ಬದಲು ಪ್ರಶ್ನೆ ಚಿಹ್ನೆಗಳು ಬರಬಹುದು. ಅಕ್ಷರಗಳನ್ನು ವಿಡಿಯೊ ಒಳಗೇ ಕೂರಿಸುವುದಾದರೆ ಎರಡು ಸಾಲಿನ ನಡುವಿನ ಅಂತರ ಹೆಚ್ಚಿಸಿ. ಒತ್ತಕ್ಷರ ಕೆಳಗೆ ಇಳಿಯುವುದರಿಂದ ಇಂಗ್ಲಿಷ್‌ಗೆ ಸರಿಯಾದ ಅಂತರದಲ್ಲಿ ‘ಲ್ಲ’, ‘ತ್ತ’ ಇವುಗಳ ಬುಡ ಕೆಳಗಿನ ಸಾಲಿಗೆ ತಾಗುತ್ತದೆ.

ಧ್ವನಿಯನ್ನು ಮೂರು ನಿಮಿಷ ಒಂದೇ ಉಸಿರಿಗೆ ರೆಕಾರ್ಡ್ ಮಾಡಬೇಡಿ. ಸ್ಕ್ರಿಪ್ಟ್‌ನ ಒಂದೊಂದು ಸಮಯಕ್ಕೂ ಒಂದೊಂದು ಫೈಲು ಮಾಡಿ, ಹೆಸರಿನಲ್ಲೇ ಸಮಯ ಹಾಕಿ: `0040.wav`, `0054.wav`. ಒಮ್ಮೆ ನಾವು ವಿಡಿಯೊ ಮುಗಿಸಿದ ಎರಡೇ ವಾರಕ್ಕೆ ಒಂದು ಬಟನ್‌ನ ಹೆಸರು ಬದಲಾಯಿತು, ಧ್ವನಿ ಒಂದೇ ಫೈಲಾಗಿದ್ದರಿಂದ ಪೂರ್ತಿ ಮತ್ತೆ ಓದಬೇಕಾಯಿತು. ಬಿಡಿ ಬಿಡಿಯಾಗಿದ್ದರೆ ಅದೊಂದು ತುಂಡನ್ನು ಓದಿ, ಅದೊಂದು ದೃಶ್ಯವನ್ನು ಮತ್ತೆ ಹಿಡಿದು ಹಳೆಯದರ ಜಾಗಕ್ಕೆ ಕೂರಿಸಬಹುದು. ಅದೇ ಮೈಕ್, ಅದೇ ಕೋಣೆ, ಬಾಯಿಂದ ಮೈಕ್‌ಗೆ ಅಷ್ಟೇ ದೂರ ಇರಲಿ, ಇಲ್ಲದಿದ್ದರೆ ಹೊಸ ತುಂಡು ಬೇರೆಯವರ ಧ್ವನಿಯ ಹಾಗೆ ಕೇಳಿಸುತ್ತದೆ. ಆ ದೂರವನ್ನು ಸ್ಕ್ರಿಪ್ಟ್‌ನ ಕೊನೆಯ ಸಾಲಿನಲ್ಲಿ ಬರೆದಿಡಿ.